ಉತ್ತರವಿಲ್ಲದ ಪ್ರಶ್ನೆ ರಾತ್ರಿ ಎರಡು ಗಂಟೆಗೆ ಬಂದಾಗ

ಎಲ್ಲರಿಗೂ ನಮಸ್ಕಾರ.

2025ರ ಜೂನ್, ಜುಲೈ ತಿಂಗಳನ್ನು ಹಾಸನದವರು ಅಷ್ಟು ಬೇಗ ಮರೆಯುವುದಿಲ್ಲ. ಬೆಳಗಾದರೆ ಟಿವಿಯಲ್ಲಿ ನಮ್ಮ ಜಿಲ್ಲೆಯ ಹೆಸರು, ಅದರ ಪಕ್ಕದಲ್ಲೇ ಹೃದಯಾಘಾತದ ಸುದ್ದಿ. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜನ ಮೈಸೂರಿನ ಜಯದೇವ ಆಸ್ಪತ್ರೆಗೆ ಹೋಗಿ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಇಂಥ ಸಾವು ಹಿಂದಿಗಿಂತ ಹೆಚ್ಚಾಗಿಲ್ಲ ಎಂದು ವರದಿ ಬಂತು. ಸುದ್ದಿ ತಣ್ಣಗಾಯಿತು.

ಭಯ ಎಲ್ಲರಲ್ಲೂ ತಣ್ಣಗಾಗಲಿಲ್ಲ. ನಾನು ಮನೋಚಿಕಿತ್ಸೆಯ ಕೆಲಸ ಮಾಡುವವನು. ಇವತ್ತು ಮಾತಾಡಬೇಕೆಂದಿರುವುದು ಆ ಉಳಿದುಕೊಂಡ ಭಯದ ಬಗ್ಗೆ. ಒಬ್ಬ ಮನುಷ್ಯನ ಕಥೆ ಹಿಡಿದು ಹೇಳುತ್ತೇನೆ. ಇದು ಹಲವರ ಅನುಭವ ಸೇರಿಸಿ ಒಬ್ಬನ ಹಾಗೆ ಹೇಳುತ್ತಿರುವ ಕಥೆ. ಯಾರ ಗುರುತೂ ಇದರಲ್ಲಿಲ್ಲ.

ವಯಸ್ಸು ಮೂವತ್ತಾರು. ಆಲೂಗಡ್ಡೆ, ಜೋಳ ಬೆಳೆಯುವ ರೈತ. ಮನೆಯಲ್ಲಿ ಎರಡು ಹಸು, ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕಬೇಕು. ಒಂದು ದಿನ ಬೆಳಗ್ಗೆ ಕ್ಯಾನ್ ಹಿಡಿದು ಡೈರಿಗೆ ಹೋಗುವಾಗ ಎದೆ ಡವಡವ ಹೊಡೆದುಕೊಂಡಿತು. ಕೈ ಬೆವರಿತು, ಉಸಿರು ಸಾಲದು ಅನಿಸಿತು. ಮುಗೀತು ನನ್ನ ಕಥೆ ಎಂದುಕೊಂಡರು. ಹತ್ತು ನಿಮಿಷದಲ್ಲಿ ಅದು ಏರಿ, ಅರ್ಧ ಗಂಟೆಯಲ್ಲಿ ಇಳಿಯಿತು. ಇಸಿಜಿ, ಎಕೋ, ಟ್ರೆಡ್‌ಮಿಲ್ ಮೇಲೆ ಓಡಿಸಿ ಮಾಡುವ ಟಿಎಂಟಿ, ಎಲ್ಲ ನಾರ್ಮಲ್. ವೈದ್ಯರು ಇದು ಪ್ಯಾನಿಕ್ ಎಂದರು. ಪರೀಕ್ಷೆ ಮಾಡಿಸಿದ್ದು ಸರಿಯೇ. ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹರಡಿದರೆ, ಇದು ಮನಸ್ಸಿನದ್ದೋ ಹೃದಯದ್ದೋ ಎಂದು ಮನೆಯಲ್ಲಿ ಕೂತು ಲೆಕ್ಕ ಹಾಕಬಾರದು. 108ಕ್ಕೆ ಫೋನ್ ಮಾಡಬೇಕು.

ಹೃದಯದ ಭಯ ಒಂದೆರಡು ತಿಂಗಳಲ್ಲಿ ಇಳಿಯಿತು. ಆಗ ಅದರ ಜಾಗಕ್ಕೆ ಇನ್ನೊಂದು ಬಂತು. ಒಂದು ರಾತ್ರಿ ಮಲಗಿದ್ದ ಮಗಳನ್ನು ನೋಡುತ್ತಿದ್ದಾಗ ಥಟ್ಟನೆ ಒಂದು ಪ್ರಶ್ನೆ: ‘ಸತ್ತ ಮೇಲೆ ನಾನು ಅನ್ನೋದು ಎಲ್ಲಿ ಹೋಗುತ್ತೆ? ಏನೂ ಇರಲ್ಲ ಅಂದ್ರೆ, ಆ ಏನೂ ಇಲ್ಲದ್ದು ಹೇಗಿರುತ್ತೆ?’ ಹೊಟ್ಟೆಯಲ್ಲಿ ತಣ್ಣಗೆ ಏನೋ ಹರಿದಂತಾಯಿತು. ಇಂಥ ಪ್ರಶ್ನೆ ನಿಮಗೂ ಬಂದಿರುತ್ತದೆ, ಅಲ್ವಾ? ನನಗೂ ಬಂದಿದೆ. ಬಹಳ ಜನರಿಗೆ ಅದು ಬಂದು, ಒಂದಷ್ಟು ಹೊತ್ತು ಕಾಡಿ, ಹೋಗುತ್ತದೆ. ಇವರಿಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅನ್ನುವುದೇ ತಿಳಿಯಬೇಕಾದದ್ದು.

ಇಸಿಜಿಗೆ ಒಂದು ಉತ್ತರವಿದೆ. ಕಾಗದದ ಮೇಲೆ ಗೆರೆ ಬರುತ್ತದೆ, ವೈದ್ಯರು ನೋಡಿ ಹೇಳುತ್ತಾರೆ. ಈ ಪ್ರಶ್ನೆಗೆ ಅಂಥ ಕಾಗದ ಯಾರ ಹತ್ತಿರವೂ ಇಲ್ಲ. ಆದರೆ ಅವರ ಮನಸ್ಸು ಇದನ್ನೂ ಇಸಿಜಿ ಥರವೇ ನೋಡಿತು. ಈಗಲೇ, ಪಕ್ಕಾ ಉತ್ತರ ಬೇಕು, ಸಿಗುವ ತನಕ ಬಿಡಬಾರದು ಎಂದು ಹಟ ಹಿಡಿಯಿತು. ರಾತ್ರಿ ಎರಡು ಗಂಟೆಯವರೆಗೆ ಯೂಟ್ಯೂಬ್. ಸತ್ತು ಬದುಕಿ ಬಂದೆವು ಎನ್ನುವವರ ವಿಡಿಯೋ, ವಿಜ್ಞಾನಿಗಳ ವಿಡಿಯೋ, ಸ್ವಾಮಿಗಳ ಪ್ರವಚನ. ಊರಿನ ಪುರೋಹಿತರನ್ನು ಕೇಳಿದರು, ಓದಿದ ಷಡ್ಡಕನನ್ನು ಕೇಳಿದರು. ಹೆಂಡತಿಯನ್ನಂತೂ ದಿನಕ್ಕೆ ಎಷ್ಟು ಸಲವೋ. ‘ನಮಗೆ ಏನೂ ಆಗಲ್ಲ ಅಲ್ವಾ?’ ‘ಏನೂ ಆಗಲ್ಲ, ಮಲಗ್ರಿ.’ ಜೊತೆಗೆ ತಪ್ಪಿಸಿಕೊಳ್ಳುವುದೂ ಶುರುವಾಯಿತು. ತಿಥಿ ಊಟಕ್ಕೆ ಹೋಗಲಿಲ್ಲ. ಸ್ಮಶಾನದ ಪಕ್ಕದ ದಾರಿ ಬಿಟ್ಟು ಸುತ್ತಿಕೊಂಡು ಡೈರಿಗೆ ಹೋದರು. ಯಾರಾದರೂ ಶ್ರದ್ಧಾಂಜಲಿಯ ಸ್ಟೇಟಸ್ ಹಾಕಿದರೆ ಫೋನ್ ಮಗುಚಿಡುತ್ತಿದ್ದರು.

ಇಷ್ಟೂ ಹೊರಗೆ ಕಾಣುವುದು. ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದದ್ದು ಕಾಣದ ಕೆಲಸ. ಹಾಲು ಕರೆಯುವಾಗ, ಹೊಲಕ್ಕೆ ನೀರು ಬಿಡುವಾಗ, ತಲೆಯೊಳಗೆ ವಾದ ನಡೆಯುತ್ತಲೇ ಇತ್ತು. ಆತ್ಮ ಇದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ. ಹೊರಗಿನಿಂದ ನೋಡಿದರೆ ಸುಮ್ನೆ ಕೂತಿದ್ದಾರೆ.

ಒಸಿಡಿ, ಅಂದರೆ ಗೀಳು ಕಾಯಿಲೆ ಎಂದರೆ ಕೈ ತೊಳೆಯುವುದು, ಬೀಗ ನೋಡುವುದು ಎಂದಷ್ಟೇ ಜನ ತಿಳಿದಿದ್ದಾರೆ. ಕೈ ತೊಳೆಯುವ ಬದಲು ತಲೆಯಲ್ಲೇ ಉತ್ತರ ಹುಡುಕುವುದೂ ಅದರ ಒಂದು ರೂಪ. ಇದು ಬೇಗ ಪತ್ತೆಯಾಗುವುದಿಲ್ಲ. ‘ಸುಮ್ನೆ ಜಾಸ್ತಿ ಯೋಚನೆ ಮಾಡ್ತಾನೆ’ ಎಂದು ಮನೆಯವರು ಬಿಟ್ಟುಬಿಡುತ್ತಾರೆ.

ಹಾಗಾದರೆ ಸಾವಿನ ಬಗ್ಗೆ ಯೋಚಿಸುವುದೇ ರೋಗವಾ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಶ್ರವಣಬೆಳಗೊಳ ಇರುವುದು ನಮ್ಮ ಜಿಲ್ಲೆಯಲ್ಲೇ. ಚಂದ್ರಗಿರಿಯ ಬಂಡೆಗಳ ಮೇಲೆ ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ಬಗ್ಗೆ ಕೆತ್ತಿರುವ ಶಾಸನಗಳಿವೆ. ಕಠೋಪನಿಷತ್ತಿನ ಹುಡುಗ ನಚಿಕೇತ ಯಮನ ಬಾಗಿಲಿಗೇ ಹೋಗಿ ಇದೇ ಪ್ರಶ್ನೆ ಕೇಳಿದ. ದೇವತೆಗಳಿಗೂ ಇದರಲ್ಲಿ ಸಂಶಯವಿತ್ತು, ಬೇರೆ ವರ ಕೇಳು ಎಂದ ಯಮ. ಆದರೆ ನಚಿಕೇತ ಆ ಬಾಗಿಲಲ್ಲಿ ಮೂರು ರಾತ್ರಿ ಕಾಯಬಲ್ಲವನಾಗಿದ್ದ. ನಾನು ನೋಡುವ ವ್ಯತ್ಯಾಸ ಇದೇ. ಪ್ರಶ್ನೆಯನ್ನು ನಾಳೆಗೆ ಇಡಲು ಆಗುತ್ತದಾ? ಕುತೂಹಲದಿಂದ ಯೋಚಿಸುವವನಿಗೆ ಆಗುತ್ತದೆ. ಅವನು ಒಂದು ಪುಸ್ತಕ ಓದಿ, ಊಟ ಮಾಡಿ ಮಲಗುತ್ತಾನೆ. ಗೀಳು ಹಿಡಿದವನಿಗೆ ಆಗುವುದಿಲ್ಲ. ಅವನಿಗೆ ಬೇಕಾಗಿರುವುದು ತಿಳಿವಳಿಕೆಯಲ್ಲ, ಈ ಕ್ಷಣದ ಭಯ ಇಳಿಯುವುದು.

ಮೊದಲು ನಾವು ಮಾಡಿದ್ದು ಒಂದು ನೋಟ್‌ಬುಕ್ ಇಟ್ಟದ್ದು. ಅದರಲ್ಲಿ ಮೂರೇ ಕಲಂ. ಪ್ರಶ್ನೆ ಯಾವಾಗ ಬಂತು, ಆಗ ಏನು ಮಾಡಿದೆ, ಸಮಾಧಾನ ಎಷ್ಟು ಹೊತ್ತು ಇತ್ತು. ವಾರದ ಕೊನೆಗೆ ಆ ಮೂರನೇ ಕಲಂ ನೋಡಿ ಅವರೇ ಸುಮ್ಮನಾದರು. ಶುರುವಿನ ದಿನಗಳಲ್ಲಿ ಹೆಂಡತಿಯ ಒಂದು ಮಾತು ಅರ್ಧ ದಿನ ಸಾಕಾಗುತ್ತಿತ್ತು ಎಂಬುದು ಅವರಿಗೆ ನೆನಪಿತ್ತು. ಈಗ ಅದು ಹತ್ತು ನಿಮಿಷಕ್ಕೆ ಬಂದು ನಿಂತಿತ್ತು. ಪ್ರತಿ ಸಮಾಧಾನವೂ ಮನಸ್ಸಿಗೆ ಎರಡು ಪಾಠ ಕಲಿಸುತ್ತದೆ: ಈ ಪ್ರಶ್ನೆ ನಿಜವಾಗಲೂ ಅಪಾಯದ್ದು, ಮತ್ತು ಉತ್ತರ ಸಿಗದೆ ಇದ್ದರೆ ಬದುಕಲು ಆಗುವುದಿಲ್ಲ. ಹಾಗಾಗಿ ಒಳ್ಳೆಯ ಉತ್ತರ ಸಿಕ್ಕಷ್ಟೂ ಪ್ರಶ್ನೆ ಬೇಗ ಬೇಗ ಬರುತ್ತದೆ.

ಇದನ್ನು ತಿರುಗಿಸುವ ಚಿಕಿತ್ಸೆಗೆ ದಾರಿ ತೋರಿಸಿದ್ದು ವಿಕ್ಟರ್ ಮೆಯರ್ ಎಂಬ ಮನಃಶಾಸ್ತ್ರಜ್ಞ, 1966ರಲ್ಲಿ, ಲಂಡನ್ನಿನಲ್ಲಿ. ಭಯ ತರುವುದರ ಎದುರಿಗೆ ಬೇಕೆಂದೇ ಹೋಗುವುದು, ಹೋದ ಮೇಲೆ ಭಯ ಇಳಿಸಿಕೊಳ್ಳಲು ಮಾಡುತ್ತಿದ್ದ ಕೆಲಸವನ್ನು ಮಾಡದೆ ಇರುವುದು. ಹೇಳಲು ಇಷ್ಟೇ, ಮಾಡಲು ಕಷ್ಟ.

ಇವರ ವಿಷಯದಲ್ಲಿ ಸುಲಭದ್ದರಿಂದ ಶುರು ಮಾಡಿದೆವು. ಶ್ರದ್ಧಾಂಜಲಿ ಸ್ಟೇಟಸ್ ಬಂದರೆ ಪೂರ್ತಿ ನೋಡುವುದು. ಆಮೇಲೆ ಸ್ಮಶಾನದ ದಾರಿಯಲ್ಲೇ ಡೈರಿಗೆ ಹೋಗುವುದು, ದೇವರ ಹೆಸರು ಹೇಳಿಕೊಂಡು ಓಡುವುದಲ್ಲ, ಮಾಮೂಲಿ ನಡಿಗೆಯಲ್ಲಿ. ಆಮೇಲೆ ತಿಥಿ ಊಟ. ಕೊನೆಗೆ ಒಂದು ಪುಟ ಬರೆಯುವುದು. ಅವರು ಬರೆದದ್ದು ಹೀಗಿತ್ತು: ‘ನಾನು ಒಂದಿನ ಸಾಯ್ತೀನಿ. ಆಮೇಲೆ ಏನು ಅಂತ ನನಗೆ ಗೊತ್ತಿಲ್ಲ. ಗೊತ್ತಾಗದೇನೇ ಸಾಯಬಹುದು. ನನ್ನ ಮಗಳೂ ಇದನ್ನ ಗೊತ್ತಿಲ್ಲದೇನೇ ಬದುಕಬೇಕು.’ ಕೊನೆಯ ವಾಕ್ಯ ಬರೆಯಲು ಅವರು ತುಂಬ ಹೊತ್ತು ತಗೊಂಡರು. ಅದನ್ನು ದಿನಾ ಅರ್ಧ ಗಂಟೆ ಜೋರಾಗಿ ಓದಬೇಕು. ನಡುವೆ ‘ಇರಲಿ ಬಿಡು, ಆತ್ಮಕ್ಕೆ ಸಾವಿಲ್ಲ’ ಎಂದು ಸಮಾಧಾನ ಹೇಳಿಕೊಳ್ಳುವಂತಿಲ್ಲ. ಆ ಮಾತು ತಪ್ಪೆಂದಲ್ಲ. ಅದು ಅವರ ನಂಬಿಕೆಯೇ, ಅದನ್ನು ನಾನು ಮುಟ್ಟಲಿಲ್ಲ. ಆದರೆ ಆ ಅರ್ಧ ಗಂಟೆಯಲ್ಲಿ ಅದನ್ನು ನೋವಿನ ಮಾತ್ರೆಯ ಹಾಗೆ ನುಂಗಿದರೆ ಅಭ್ಯಾಸ ಕೆಡುತ್ತದೆ. ಮೊದಲ ದಿನಗಳಲ್ಲಿ ಓದುತ್ತಾ ಅತ್ತರು. ಎರಡನೇ ವಾರದ ಹೊತ್ತಿಗೆ ನಡುವೆ ಆಕಳಿಸಿದರು. ಆಕಳಿಕೆ ಬಂದರೆ ನನಗೆ ಖುಷಿ.

ಪ್ರಶ್ನೆ ಬರುವುದನ್ನು ತಡೆಯಲು ನಾವು ಹೋಗಲೇ ಇಲ್ಲ. ಬರುವುದು ನಮ್ಮ ಕೈಯಲ್ಲಿಲ್ಲ. ಬಂದ ಮೇಲೆ ವಾದಕ್ಕೆ ಕೂರುವುದು, ಬಿಡುವುದು ಮಾತ್ರ ಕೈಯಲ್ಲಿದೆ. ಹಾಲು ಕರೆಯುವಾಗ ಬಂತಾ? ‘ಬಂತು, ಇದಕ್ಕೆ ಈಗ ಉತ್ತರ ಹುಡುಕಲ್ಲ’ ಎಂದು ಒಂದು ಸಲ ಅಂದುಕೊಂಡು ಕರೆಯುವುದನ್ನು ಮುಂದುವರಿಸುವುದು. ಎದೆಯಲ್ಲಿ ಭಯ ಇರುತ್ತದೆ. ಇರಲಿ. ಇಲ್ಲೇ ಎಡವುವುದು ಜಾಸ್ತಿ. ಕೆಲವು ದಿನ ಕಳೆದ ಮೇಲೆ ಅವರು ಆ ವಾಕ್ಯವನ್ನೇ ಜಪದ ಹಾಗೆ ಹೇಳತೊಡಗಿದರು, ಗಂಟೆಗೆ ಹತ್ತಾರು ಸಲ. ಹೊಸ ಹೆಸರಲ್ಲಿ ಹಳೇ ಗೀಳೇ ಬಂದಿತ್ತು. ಪತ್ತೆ ಹೇಗಾಯಿತು ಅಂದರೆ, ಹೇಳದೆ ಇದ್ದರೆ ಚಡಪಡಿಕೆ ಆಗುತ್ತದೆ ಎಂದರು. ಆಗ ಆ ವಾಕ್ಯವನ್ನೂ ಬಿಡಿಸಿದೆವು.

ಹೆಂಡತಿಯ ಜೊತೆ ಕೂತು ಮಾತಾಡಿದ್ದು ಇಡೀ ಚಿಕಿತ್ಸೆಯ ಮುಖ್ಯ ಭಾಗ. ಉತ್ತರ ಕೊಡಬೇಡಿ ಎಂದರೆ ಅವರಿಗೆ ಗಂಡನನ್ನು ಕೈಬಿಟ್ಟಂತೆ ಅನಿಸಿತು. ಅದು ನ್ಯಾಯವೇ. ಕೊನೆಗೆ ಇಬ್ಬರೂ ಒಪ್ಪಿ ಒಂದು ಮಾತು ಮಾಡಿಕೊಂಡರು: ‘ಇದು ಆ ಪ್ರಶ್ನೆನೇ ಕಣ್ರೀ. ನಾನು ಉತ್ತರ ಹೇಳಲ್ಲ. ಬನ್ನಿ, ಹಸುಗೆ ಹುಲ್ಲು ಹಾಕೋಣ.’ ಜಗಳವಿಲ್ಲದ ಸಮಯದಲ್ಲಿ, ಮೊದಲೇ ಮಾತಾಡಿಕೊಂಡಿದ್ದರಿಂದ ಇದು ನಡೆಯಿತು. ಏಕಾಏಕಿ ಉತ್ತರ ನಿಲ್ಲಿಸಿದರೆ ಅದು ಬರೀ ಕ್ರೌರ್ಯವಾಗುತ್ತದೆ.

ಔಷಧಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಫ್ಲುಯೊಕ್ಸೆಟಿನ್, ಸರ್ಟ್ರಾಲಿನ್ ಥರದ ಮಾತ್ರೆಗಳನ್ನು ಮನೋವೈದ್ಯರು ಕೊಡುತ್ತಾರೆ. ಗೀಳಿನಲ್ಲಿ ಗುಣ ಕಾಣಲು 8ರಿಂದ 12 ವಾರ ಬೇಕಾಗುತ್ತದೆ. ಮೊದಲ ಒಂದೆರಡು ವಾರ ಚಡಪಡಿಕೆ ಸ್ವಲ್ಪ ಹೆಚ್ಚಲೂಬಹುದು. ಬಹಳ ಜನ ಅಲ್ಲೇ ಬಿಟ್ಟುಬಿಡುತ್ತಾರೆ. ವೈದ್ಯರನ್ನು ಕೇಳದೆ ಬಿಡಬೇಡಿ.

ಇನ್ನೊಂದನ್ನು ಬೇರೆಯಾಗಿಯೇ ಹೇಳಬೇಕು. ಸಾಯುವ ಭಯ ಒಂದು, ಸಾಯಬೇಕೆಂಬ ಆಸೆ ಇನ್ನೊಂದು. ಯಾವುದರಲ್ಲೂ ಅರ್ಥವಿಲ್ಲ, ನಾನು ಇಲ್ಲದಿದ್ದರೇ ಒಳ್ಳೆಯದು ಎಂಬ ಕಡೆಗೆ ಮಾತು ತಿರುಗಿದರೆ ಈ ಪುಟ ಓದುವ ಅಭ್ಯಾಸವೆಲ್ಲ ಪಕ್ಕಕ್ಕಿಡಿ. ಅವರನ್ನು ಒಬ್ಬರೇ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅವರು ಈಗ ಹೇಗಿದ್ದಾರೆ? ಪ್ರಶ್ನೆ ಈಗಲೂ ಬರುತ್ತದೆ. ಚಿಕ್ಕಪ್ಪ ತೀರಿಕೊಂಡಾಗ ಎರಡು ವಾರ ಜೋರಾಗಿಯೇ ಬಂತು. ಒಂದು ರಾತ್ರಿ ಮತ್ತೆ ಯೂಟ್ಯೂಬ್ ತೆರೆದರು. ಮಾರನೇ ದಿನ ಹಳೇ ನೋಟ್‌ಬುಕ್ ತೆಗೆದು, ಅದೇ ಮೂರು ಕಲಂ ಮತ್ತೆ ಬರೆದರು. ಹನ್ನೊಂದನೇ ದಿನದ ಕಾರ್ಯದಲ್ಲಿ ಪಂಕ್ತಿಗೆ ಬಡಿಸಿದವರು ಅವರೇ.

ನಿಮ್ಮಲ್ಲಿ ಯಾರಿಗಾದರೂ, ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಿದ್ದರೆ, ವೈದ್ಯರ ಹತ್ತಿರ ಹೋದಾಗ ಬರೀ ‘ಭಯ ಆಗುತ್ತೆ, ನಿದ್ದೆ ಬರಲ್ಲ’ ಎಂದು ಹೇಳಿ ಬರಬೇಡಿ. ಹಾಗೆ ಹೇಳಿದರೆ ನಿದ್ದೆಗಷ್ಟೇ ಮಾತ್ರೆ ಸಿಗಬಹುದು. ಒಂದೇ ಪ್ರಶ್ನೆಗೆ ತಲೆಯಲ್ಲಿ ದಿನಕ್ಕೆ ಎಷ್ಟು ಗಂಟೆ ಉತ್ತರ ಹುಡುಕುತ್ತೀರಿ, ಮನೆಯವರನ್ನು ಎಷ್ಟು ಸಲ ಕೇಳುತ್ತೀರಿ, ಏನೇನು ತಪ್ಪಿಸುತ್ತೀರಿ, ಇದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅವರ ಕೈಗೆ ಕೊಡಿ.