ಆ್ಯಪ್‌ನಿಂದ ಮನೆಯಂಗಳಕ್ಕೆ ಎಷ್ಟು ದೂರ?

ಕೇಳುಗರಿಗೆ ನಮಸ್ಕಾರ.

ಕುಂಬಳೆ, ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯದಂತಹ ಊರುಗಳಲ್ಲಿದ್ದುಕೊಂಡು ಡೇಟಿಂಗ್ ಆ್ಯಪ್‌ಗಳಲ್ಲಿ ಜೊತೆಗಾರನನ್ನು ಹುಡುಕುವ ಸಲಿಂಗಿ ಮತ್ತು ದ್ವಿಲಿಂಗಿ ಯುವಕರೊಡನೆ ಇವತ್ತಿನ ಮಾತು. ಹೆಣ್ಣುಮಕ್ಕಳಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ. ವಯಸ್ಕರಿಬ್ಬರು ಪರಸ್ಪರ ಒಪ್ಪಿ ಖಾಸಗಿಯಾಗಿ ಕೂಡುವುದು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ಆದರೂ ನಮ್ಮ ಕಡೆಯ ಹುಡುಗನನ್ನು ಬೆದರಿಸಲು ಕೋರ್ಟಿನ ಹೆಸರು ಬೇಕಾಗಿಲ್ಲ, ‘ನಿನ್ನ ತಂದೆಗೆ ಹೇಳುತ್ತೇನೆ’ ಎಂಬ ಒಂದು ಮಾತು ಸಾಕು. ಆದ್ದರಿಂದ ನಾವು ಕಾಯಬೇಕಾದ ಮೊದಲ ಗುಟ್ಟು ಮನೆ ಎಲ್ಲಿದೆ ಎಂಬುದು.

ಇಂತಹ ಹಲವು ಆ್ಯಪ್‌ಗಳು ಎದುರಿನವನು ಎಷ್ಟು ದೂರದಲ್ಲಿದ್ದಾನೆಂದು ತೋರಿಸುತ್ತವೆ. ಬೆಂಗಳೂರಿನಲ್ಲಿ ಎರಡು ಕಿಲೋಮೀಟರ್ ಎಂದರೆ ಅದರೊಳಗೆ ಸಾವಿರಾರು ಮನೆಗಳಿರುತ್ತವೆ. ನಮ್ಮಲ್ಲಿ ಅಷ್ಟು ದೂರದೊಳಗೆ ಅಡಿಕೆ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಒಂದು ಉದಾಹರಣೆ ಊಹಿಸಿಕೊಳ್ಳಿ. ಯಾರೋ ಒಬ್ಬ ಬದಿಯಡ್ಕ ಪೇಟೆಯಲ್ಲಿ ನಿಂತು ನೋಡಿದಾಗ ನಿಮ್ಮ ಹೆಸರಿನ ಮುಂದೆ ಎರಡು ಕಿಲೋಮೀಟರ್ ಎಂದಿದೆ. ನೀರ್ಚಾಲಿಗೆ ಹೋಗಿ ನೋಡಿದರೆ ಮೂರು. ನಕ್ಷೆಯ ಮೇಲೆ ಆ ಎರಡು ಜಾಗಗಳ ಸುತ್ತ ಎರಡು ವೃತ್ತ ಎಳೆದರೆ ಅವು ಎರಡೇ ಕಡೆ ಕೂಡುತ್ತವೆ. ಇನ್ನೊಂದು ಜಾಗದಿಂದ ಮತ್ತೊಮ್ಮೆ ನೋಡಿದನೆಂದರೆ ಉಳಿಯುವುದು ನಿಮ್ಮ ತೋಟದ ಆಸುಪಾಸು. ಇದಕ್ಕೆ ಯಾವ ಜಾಣತನವೂ ಬೇಡ, ಒಂದು ಬೈಕ್ ಇದ್ದರಾಯಿತು.

ದೂರವನ್ನು ಮರೆಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಮೊದಲು ಆರಿಸಿ. ಆದರೆ ಅಷ್ಟಕ್ಕೇ ನಿಶ್ಚಿಂತರಾಗಬೇಡಿ. ಅಂಕಿ ಕಾಣದಿದ್ದರೂ ಕೆಲವು ಆ್ಯಪ್‌ಗಳು ಹತ್ತಿರದವರನ್ನು ಮೇಲೆ, ದೂರದವರನ್ನು ಕೆಳಗೆ ಸಾಲಾಗಿ ಇಡುತ್ತವೆ, ಆ ಸಾಲಿನಿಂದಲೇ ಬಹಳಷ್ಟನ್ನು ಊಹಿಸಬಹುದು. ಮನೆಯಲ್ಲಿ ಆ್ಯಪ್ ತೆರೆಯದೆ ಮಂಗಳೂರಿಗೋ ಕಾಸರಗೋಡು ಪೇಟೆಗೋ ಹೋದಾಗ ಮಾತ್ರ ತೆರೆಯುವುದು, ಉಳಿದ ಹೊತ್ತು ಅದಕ್ಕೆ ಸ್ಥಳದ ಅನುಮತಿ ಕೊಡದಿರುವುದು ಇದಕ್ಕಿಂತ ಭದ್ರ.

ಎರಡನೆಯ ಸೋರಿಕೆ ಫೋನ್ ನಂಬರ್. ನಂಬರ್ ಕೊಟ್ಟರೇನಂತೆ, ಹೆಸರು ಸುಳ್ಳು ಹೇಳಿದ್ದೇನಲ್ಲ ಎಂದುಕೊಳ್ಳುವವರಿದ್ದಾರೆ. ಹಣ ಕಳುಹಿಸುವ ಯುಪಿಐ ಆ್ಯಪ್‌ನಲ್ಲಿ ಆ ನಂಬರ್ ಒತ್ತಿ ನೋಡಲಿ, ಬ್ಯಾಂಕಿನಲ್ಲಿರುವ ನಿಮ್ಮ ನಿಜವಾದ ಹೆಸರು ತೆರೆಯ ಮೇಲೆ ಬರುತ್ತದೆ. ಒಂದು ರೂಪಾಯಿಯನ್ನೂ ಕಳುಹಿಸಬೇಕಾಗಿಲ್ಲ. ನಮ್ಮ ಕಡೆ ಹೆಸರಿನ ಹಿಂದೆ ಭಟ್ಟ, ರೈ, ಶೆಟ್ಟಿ ಎಂದಿದ್ದರೆ, ಜೊತೆಗೆ ಊರು ಗೊತ್ತಾದರೆ, ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೇಳಿದರೂ ‘ಓ, ಅವರ ಮಗನಾ?’ ಎಂಬ ಉತ್ತರ ಸಿಗುತ್ತದೆ. ಆದ್ದರಿಂದ ಮುಖತಃ ನೋಡಿ ನಂಬಿಕೆ ಬರುವ ತನಕ ಮಾತು ಆ್ಯಪ್‌ನೊಳಗೇ ಇರಲಿ. ಹೊರಗೆ ಮಾತಾಡಲೇಬೇಕಾದರೆ ನಂಬರ್ ಮುಚ್ಚಿಟ್ಟು ಬಳಕೆದಾರ ಹೆಸರಿನಿಂದ ಮಾತಾಡಬಹುದಾದ ಟೆಲಿಗ್ರಾಂನಂಥದ್ದು ವಾಟ್ಸ್‌ಆ್ಯಪ್‌ಗಿಂತ ಮೇಲು. ವಾಟ್ಸ್‌ಆ್ಯಪ್ ಅಥವಾ ಫೇಸ್‌ಬುಕ್‌ನಲ್ಲಿ ಹಾಕಿದ ಫೋಟೋವನ್ನು ಇಲ್ಲಿ ಹಾಕಬೇಡಿ, ಚಿತ್ರದಿಂದ ಚಿತ್ರವನ್ನು ಹುಡುಕುವುದು ಈಗ ಮಕ್ಕಳಿಗೂ ಬರುತ್ತದೆ.

ಭೇಟಿಗೆ ಮುಂಚೆ ಒಂದು ಸಣ್ಣ ವಿಡಿಯೋ ಕರೆ ಮಾಡಿ. ಫೋಟೋದಲ್ಲಿರುವವನೇ ಎದುರಿಗಿದ್ದಾನೆಯೇ, ವಯಸ್ಸು ಸರಿಯೇ ಎಂದು ನೋಡುವುದಕ್ಕೆ ಎರಡು ನಿಮಿಷ ಸಾಕು. ಹದಿನೆಂಟು ತುಂಬದವನೆಂದು ಸಣ್ಣ ಅನುಮಾನ ಬಂದರೂ ಅಲ್ಲಿಗೇ ಬಿಡಿ. ಅವನ ಒಪ್ಪಿಗೆಗೆ ಪೋಕ್ಸೊ ಕಾನೂನಿನಲ್ಲಿ ಬೆಲೆಯಿಲ್ಲ, ಮೇಲಾಗಿ ಅವನು ಮಗು. ಕರೆಯಲ್ಲಿ ಬಟ್ಟೆ ತೆಗೆಯಲು ಕೇಳಿದರೆ ಕರೆ ಮುಗಿಸಿ, ಆಚೆ ಕಡೆ ಅದು ರೆಕಾರ್ಡ್ ಆಗುತ್ತಿರುವ ಸಾಧ್ಯತೆ ಹೆಚ್ಚು.

ಇನ್ನು ಭೇಟಿ. ಇಲ್ಲಿ ಗಡಿನಾಡಿಗೆ ಒಂದು ಅನುಕೂಲವಿದೆ. ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ ಸುಮಾರು ಐವತ್ತು ಕಿಲೋಮೀಟರ್. ಅಲ್ಲಿ ಜನಜಂಗುಳಿಯಿರುತ್ತದೆ, ನಿಮ್ಮ ಗುರುತಿನವರು ಸಿಗುವುದು ಕಡಿಮೆ. ಇಬ್ಬರು ಗಂಡಸರು ಹೋಟೆಲಿನಲ್ಲಿ ಕಾಫಿ ಕುಡಿಯುವುದನ್ನು ನಮ್ಮ ಸಮಾಜ ತಿರುಗಿಯೂ ನೋಡುವುದಿಲ್ಲ. ಅದರ ಕಣ್ಣೆಲ್ಲ ಹುಡುಗ ಹುಡುಗಿಯ ಮೇಲೆ. ಈ ಕುರುಡುತನ ನಮಗೆ ಉಪಯೋಗಕ್ಕೆ ಬರಲಿ. ಹಗಲಿನಲ್ಲಿ ಹೋಗಿ, ಬರುವುದೂ ಹಿಂತಿರುಗುವುದೂ ನಿಮ್ಮದೇ ದಾರಿಯಲ್ಲಿರಲಿ. ಅವನ ಬೈಕ್ ಹತ್ತಬೇಡಿ.

ಸುಲಿಗೆ ಮಾಡುವವರ ಕ್ರಮ ಹೀಗಿರುತ್ತದೆ. ಹೋಟೆಲಿನಲ್ಲಿ ಎಂದು ಹೇಳಿದ್ದವನು ನೀವು ರೈಲು ಇಳಿಯುವ ಹೊತ್ತಿಗೆ ‘ಗೆಳೆಯನ ರೂಮ್ ಖಾಲಿ ಇದೆ, ಅಲ್ಲಿಗೇ ಬಾ’ ಎನ್ನುತ್ತಾನೆ. ಹೋದರೆ ಸ್ವಲ್ಪ ಹೊತ್ತಿನಲ್ಲಿ ಬಾಗಿಲು ತಟ್ಟಿ ಇನ್ನಿಬ್ಬರು ಒಳಗೆ ಬರುತ್ತಾರೆ. ಒಬ್ಬ ತಾನು ಪೊಲೀಸ್ ಎನ್ನುತ್ತಾನೆ, ಇನ್ನೊಬ್ಬ ಫೋನ್ ಕಸಿದು ವಿಡಿಯೋ ಮಾಡುತ್ತಾನೆ, ಯುಪಿಐ ಪಿನ್ ಕೇಳುತ್ತಾರೆ. ಕೊನೆ ಗಳಿಗೆಯಲ್ಲಿ ಜಾಗ ಬದಲಾಯಿತೆಂದರೆ ಅಂದಿನ ಭೇಟಿ ಮುಗಿಯಿತೆಂದೇ ಲೆಕ್ಕ, ಎದುರಿನವನು ಪ್ರಾಮಾಣಿಕನಾಗಿದ್ದರೆ ಇನ್ನೊಂದು ದಿನ ಬರುತ್ತಾನೆ. ಯುಪಿಐಗೆ ಕಡಿಮೆ ಹಣವಿರುವ ಬೇರೆ ಖಾತೆಯನ್ನು ಜೋಡಿಸಿಟ್ಟರೆ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ. ಮನೆಯಲ್ಲಿ ಯಾರಿಗೂ ಹೇಳಲಾಗದವರು ಒಬ್ಬ ಗೆಳೆಯನಿಗೆ ‘ಮಂಗಳೂರಿಗೆ ಹೋಗುತ್ತಿದ್ದೇನೆ, ಏಳು ಗಂಟೆಗೆ ಫೋನ್ ಮಾಡು’ ಎಂದಷ್ಟೇ ಹೇಳಿ, ವಾಟ್ಸ್‌ಆ್ಯಪ್‌ನಲ್ಲಿ ಎಂಟು ಗಂಟೆಗಳ ಲೈವ್ ಲೊಕೇಶನ್ ಕಳುಹಿಸಿಟ್ಟರೂ ಆಯಿತು. ಏಕೆ ಹೋಗುತ್ತಿದ್ದೀರೆಂದು ಅವನಿಗೆ ತಿಳಿಯಬೇಕಾಗಿಲ್ಲ.

ಆದರೂ ಸಿಕ್ಕಿಬಿದ್ದರೆ? ಆ ಕೋಣೆಯಲ್ಲಿರುವಾಗ ಜಗಳಕ್ಕೆ ನಿಲ್ಲಬೇಡಿ, ಹೊರಗೆ ಬರುವುದೊಂದೇ ಗುರಿಯಾಗಿರಲಿ. ಬಂದ ಮೇಲೆ ಮತ್ತೆ ಹಣ ಕಳುಹಿಸಬೇಡಿ, ಒಮ್ಮೆ ಕೊಟ್ಟವನನ್ನು ಅವರು ತಿಂಗಳುಗಟ್ಟಲೆ ಬಿಡುವುದಿಲ್ಲ. ಗಾಬರಿಯಲ್ಲಿ ಬ್ಲಾಕ್ ಮಾಡುವುದು ಇನ್ನೊಂದು ಎಡವಟ್ಟು. ಕೆಲವು ಆ್ಯಪ್‌ಗಳಲ್ಲಿ ಬ್ಲಾಕ್ ಮಾಡಿದೊಡನೆ ಇಡೀ ಮಾತುಕತೆ ಅಳಿಸಿಹೋಗುತ್ತದೆ, ಸಾಕ್ಷ್ಯವೂ ಅದರೊಡನೆ ಹೋಗುತ್ತದೆ. ಮೊದಲು ಅವನ ಪ್ರೊಫೈಲ್, ಬೆದರಿಕೆಯ ಮಾತು, ಹಣ ಹೋದ ಯುಪಿಐ ವಿವರ ಮತ್ತು ವಹಿವಾಟಿನ ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಡೆ ಉಳಿಸಿ, ಆಮೇಲೆ ಬ್ಲಾಕ್ ಮಾಡಿ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಸಾಗಿಹೋಗುತ್ತದೆ.

ಬೆದರಿಸಿ ಹಣ ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೆಯ ಕಲಮಿನಲ್ಲಿ ಏಳು ವರ್ಷಗಳವರೆಗೆ ಶಿಕ್ಷೆಯಿರುವ ಅಪರಾಧ. ಘಟನೆ ನಡೆದದ್ದು ಕರ್ನಾಟಕದಲ್ಲಿ, ಮನೆ ಕೇರಳದಲ್ಲಿ, ದೂರು ಎಲ್ಲಿ ಎಂಬ ಗೊಂದಲ ನಮ್ಮವರಿಗೆ ಸಹಜ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಇಂತಹ ಅಪರಾಧದ ಮಾಹಿತಿಯನ್ನು, ಅದು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿ ಬೇಕಾದರೂ ಕೊಡಬಹುದು. ತಲಪಾಡಿ ದಾಟಿ ಹಿಂದೆ ಹೋಗಬೇಕಾಗಿಲ್ಲ. ಇದನ್ನು ಜನ ಜೀರೋ ಎಫ್‌ಐಆರ್ ಎನ್ನುತ್ತಾರೆ.

ದೂರಿನಲ್ಲಿ ಯಾರು ಬೆದರಿಸಿದರು, ಏನು ಹೇಳಿದರು, ಎಷ್ಟು ಹಣ ಯಾವ ಖಾತೆಗೆ ಹೋಯಿತು ಎಂಬುದು ಮುಖ್ಯ. ಭೇಟಿಯ ವಿಷಯದಲ್ಲಿ ಸುಳ್ಳು ಬರೆಯಬೇಡಿ, ಆದರೆ ನಿಮ್ಮ ಒಲವಿನ ಇತಿಹಾಸವನ್ನು ವಿವರಿಸಬೇಕಾಗಿಯೂ ಇಲ್ಲ. ಸಂಪರ್ಕಕ್ಕೆ ಮನೆಯ ನಂಬರ್ ಕೊಡದೆ ನಿಮ್ಮ ಕೈಯಲ್ಲಿರುವ ನಂಬರನ್ನೇ ಕೊಡಿ, ಅದಕ್ಕೇ ಕರೆ ಮಾಡಬೇಕೆಂದು ಬಾಯಿ ಬಿಟ್ಟು ಕೇಳಿ. ಒಂದು ಮಾತನ್ನು ಮುಚ್ಚಿಡಬಾರದು: ದೂರು ಕೊಟ್ಟ ಮಾತ್ರಕ್ಕೆ ಆ ವಿಡಿಯೋ ಮನೆಗೆ ತಲುಪುವುದಿಲ್ಲವೆಂಬ ಖಾತರಿಯನ್ನು ಯಾವ ಠಾಣೆಯೂ ಕೊಡಲಾರದು. ಆ ಭಯದಿಂದ ನಿದ್ದೆಗೆಟ್ಟವರು 14416ಕ್ಕೆ ಕರೆ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್, ಹಗಲಿರುಳು ಇರುತ್ತದೆ, ಕರೆಗೆ ದುಡ್ಡಿಲ್ಲ, ಕನ್ನಡದಲ್ಲಿಯೂ ಮಾತಾಡಬಹುದು. ಅಂದ ಹಾಗೆ ದೂರನ್ನು ಮಲಯಾಳದಲ್ಲಿ ಬರೆಯಲು ಬಾರದೆಂದು ಹಿಂಜರಿಯಬೇಡಿ. ಇಲ್ಲಿನ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಆಡಳಿತ ಭಾಷಾ ಕಾಯಿದೆ ನಮಗೆ ಕೊಟ್ಟಿದೆ. ಕನ್ನಡದಲ್ಲೇ ಬರೆಯಿರಿ, ದೂರಿನ ಒಂದು ಪ್ರತಿ ನಿಮ್ಮ ಬಳಿ ಇರಲಿ.

ನಮಸ್ಕಾರ.