ಮುದ್ದೆ ಉಂಡ ಕೂಡ್ಲೇ ಚಾ ಕುಡಿದ್ರೆ

ಎಲ್ರಿಗೂ ನಮಸ್ಕಾರ. ಹೊಸದುರ್ಗದಲ್ಲಿರೋ ನಮ್ಮ ಅತ್ತಿಗೆ ಮಧ್ಯಾಹ್ನಕ್ಕೆ ರಾಗಿ ಮುದ್ದೆ, ಪಾಲಕ್ ಸೊಪ್ಪಿನ ಸಾರು, ಮೇಲೆ ಒಂದಿಷ್ಟು ಎಳ್ಳಿನ ಚಟ್ನಿಪುಡಿ ಉಣ್ತಾರೆ. ಆದ್ರೂ ಅವ್ರ ಹಿಮೋಗ್ಲೋಬಿನ್ 10 ದಾಟ್ತಾನೇ ಇರ್ಲಿಲ್ಲ. "ಇಷ್ಟೆಲ್ಲ ತಿಂದ್ರೂ ಕಬ್ಬಿಣ ಎಲ್ಲಿ ಹೋಗುತ್ತೆ?" ಅಂತ ಕೇಳಿದ್ರು.

ಲೆಕ್ಕ ಹಾಕಿ ನೋಡಿದ್ವಿ. 100 ಗ್ರಾಂ ರಾಗಿ ಹಿಟ್ಟಲ್ಲಿ ಸುಮಾರು ನಾಲ್ಕೂವರೆ ಮಿಲಿಗ್ರಾಂ ಕಬ್ಬಿಣ, ಅಷ್ಟೇ ಪಾಲಕ್‌ನಲ್ಲಿ ಸುಮಾರು 3, ಎರಡು ದೊಡ್ಡ ಚಮಚ ಎಳ್ಳಲ್ಲಿ ಇನ್ನೊಂದು ಎರಡು, ಮೂರು. ತಟ್ಟೇಲಿ ಸಾಕಷ್ಟಿದೆ, ಆದ್ರೆ ರಾಗಿ ಎಳ್ಳಲ್ಲಿರೋ ಫೈಟೇಟ್ ಅನ್ನೋ ಅಂಶ, ರಾಗಿ ಸಿಪ್ಪೆಯ ಒಗರು, ಸೊಪ್ಪಲ್ಲಿರೋ ಪಾಲಿಫಿನಾಲ್ ಅನ್ನೋ ಅಂಥದ್ದೇ ಒಗರಿನ ಅಂಶ ಇವೆಲ್ಲ ಕಬ್ಬಿಣವನ್ನ ಹಿಡಿದಿಟ್ಕೊಂಡು ಬಿಡೋದ್ರಿಂದ ಕರುಳು ಹೀರಿಕೊಳ್ಳೋದು ಅದ್ರಲ್ಲಿ ಸ್ವಲ್ಪ ಮಾತ್ರ.

ಅದ್ರ ಮೇಲೆ ಅತ್ತಿಗೆ ಕೈ ತೊಳ್ಕೊಂಡ ಕೂಡ್ಲೇ ಒಂದು ಲೋಟ ಚಾ ಕುಡೀತಿದ್ರು. ಚಾದ ಒಗರೂ ಅದೇ ಜಾತಿದು, ಹೊಟ್ಟೇಲಿ ಊಟ ಇರುವಾಗ್ಲೇ ಹೋದ್ರೆ ಉಳಿದಿದ್ದ ಸ್ವಲ್ಪದಲ್ಲೂ ಬಹುಪಾಲು ಕಟ್ಟಿಹಾಕುತ್ತೆ. ಚಾ ಬಿಡಿ ಅಂದಿದ್ರೆ ಅವ್ರು ಕೇಳ್ತಿರ್ಲಿಲ್ಲ ಬಿಡಿ. ಊಟಕ್ಕೂ ಚಾಕ್ಕೂ ಒಂದು ಗಂಟೆಗಿಂತ ಜಾಸ್ತಿ ಅಂತರ ಇಡಿ, ನಾಲ್ಕು ಗಂಟೆಗೆ ಕುಡೀರಿ ಅಂದೆ, ಒಪ್ಕೊಂಡ್ರು.

ಎರಡನೇದು ನಿಂಬೆಹಣ್ಣು. ವಿಟಮಿನ್ ಸಿ ಕಬ್ಬಿಣವನ್ನ ಕರುಳು ಹೀರಿಕೊಳ್ಳೋ ರೂಪಕ್ಕೆ ತರುತ್ತೆ, ಫೈಟೇಟ್ ಕೈಗೆ ಸಿಗದಂಗೂ ನೋಡ್ಕೊಳ್ಳುತ್ತೆ. ಆದ್ರೆ ಅದು ಅದೇ ಊಟದಲ್ಲೇ ಇರ್ಬೇಕು, ಬೆಳಗ್ಗೆ ತಿಂದ ಸೀಬೆಹಣ್ಣು ಮಧ್ಯಾಹ್ನದ ಮುದ್ದೆಗೆ ಆಗಲ್ಲ. ಕುದಿಯೋ ಸಾರಿಗೆ ಹಿಂಡಿದ್ರೆ ವಿಟಮಿನ್ ಹಾಳಾಗುತ್ತೆ, ಅದಕ್ಕೇ ಬಡಿಸಿದ ಮೇಲೆ ತಟ್ಟೆಗೇ ಹಿಂಡ್ಕೊಳ್ಳಿ. ಊಟದ ಜೊತೆಗೇ ಅರ್ಧ ಸೀಬೆಹಣ್ಣು ತಿಂದ್ರೆ ನಿಂಬೆಗಿಂತ ಎಷ್ಟೋ ಜಾಸ್ತಿ ಸಿಗುತ್ತೆ.

ಇನ್ನು ನೆನೆಸೋದು. ಬರೀ ನೆನೆಸಿದ್ರೆ ಫೈಟೇಟ್ ಸ್ವಲ್ಪ ಮಾತ್ರ ಇಳಿಯುತ್ತೆ, ಎಳ್ಳಿಗೂ ಅಷ್ಟೇ. ಮೊಳಕೆ ಕಟ್ಟಿದ್ರೆ ಕಾಳಿನೊಳಗಿನ ಕಿಣ್ವವೇ ಅದನ್ನ ಒಡೆಯುತ್ತೆ. ರಾಗೀನ ರಾತ್ರಿಯೆಲ್ಲ ನೆನೆಹಾಕಿ, ಆ ಕೆಂಪು ನೀರು ಚೆಲ್ಲಿ, ಒದ್ದೆ ಬಟ್ಟೇಲಿ ಒಂದೂವರೆ ಎರಡು ದಿನ ಕಟ್ಟಿಡಿ, ಬಿಳಿ ಮೊಳಕೆ ಕಂಡ್ರೆ ಒಣಗಿಸಿ ಹದವಾಗಿ ಹುರಿದು ಬೀಸಿಸಿ. ಲೋಳೆ ಬಂದು ಕೆಟ್ಟ ವಾಸನೆ ಬಂದ್ರೆ ಎಸೀರಿ. ಒಂದು ಮಾತು, ಅತ್ತಿಗೆ ಆ ಹಿಟ್ಟಲ್ಲೇ ಮುದ್ದೆ ತಿರುವೋಕೆ ಹೋದ್ರು, ಗಟ್ಟಿನೇ ಆಗ್ಲಿಲ್ಲ, ಯಾಕಂದ್ರೆ ಮೊಳಕೇಲಿ ಪಿಷ್ಟವೂ ಒಡೆದಿರುತ್ತೆ. ಅದು ಗಂಜಿಗೆ ಸರಿ, ಮುದ್ದೆಗೆ ಬೇಕಿದ್ರೆ ಮಾಮೂಲಿ ಹಿಟ್ಟಿಗೆ ಕಾಲು ಭಾಗ ಬೆರೆಸ್ಕೊಳ್ಳಿ.

ಇಷ್ಟಾದ್ರೂ ರಕ್ತ ತುಂಬಾ ಕಡಿಮೆ ಇದ್ದೋರಿಗೆ, ಬಸುರಿಯರಿಗೆ ಊಟ ಒಂದೇ ಸಾಲಲ್ಲ, ಡಾಕ್ಟ್ರು ಕೊಟ್ಟ ಕಬ್ಬಿಣದ ಮಾತ್ರೆ ಬಿಡಬೇಡಿ. ಅದನ್ನೂ ಚಾ ಜೊತೆ ನುಂಗಬೇಡಿ, ನಿಂಬೆ ಪಾನಕದಲ್ಲಿ ನುಂಗಿ.