ಕಣ್ಣಿಗೆ ಕಾಣದ ಮಾಂಸದ ಬಗ್ಗೆ ಕೇಳಿ

ಓದಲು ಹೊರದೇಶಕ್ಕೆ ಹೋಗುವ ಸಸ್ಯಾಹಾರಿಗಳಿಗೆ ಸಿಗುವ ಮೊದಲ ಸಲಹೆ ಒಂದೇ: "ಮಾಂಸದ ತುಂಡು ಕಾಣದಿದ್ದರೆ ತಿಂದುಬಿಡು." ಈ ಸಲಹೆ ತಪ್ಪು ಅಂತ ನಾನು ಹೇಳ್ತೀನಿ. ತುಂಡು ಕಣ್ಣಿಗೆ ಬೀಳುತ್ತದೆ, ಅದನ್ನು ಬಿಡುವುದು ಸುಲಭ. ತೊಂದರೆ ಇರುವುದು ಕರಗಿ ಹೋಗಿರುವುದರಲ್ಲಿ.

ಕಾಲೇಜಿನ ಊಟದ ಹಾಲ್‌ನಿಂದಲೇ ಶುರು ಮಾಡೋಣ. ಅಲ್ಲಿ "ತರಕಾರಿ ಸೂಪ್" ಅಂತ ಬೋರ್ಡ್ ಇರುತ್ತದೆ. ಬೋರ್ಡ್ ಸುಳ್ಳು ಹೇಳುತ್ತಿಲ್ಲ, ಒಳಗೆ ತರಕಾರಿ ಇದೆ. ಆದರೆ ಅದು ಬೆಂದಿದ್ದು ನೀರಿನಲ್ಲಾ, ಕೋಳಿ ಮೂಳೆ ಕುದಿಸಿದ ಸ್ಟಾಕ್‌ನಲ್ಲಾ? ಅದನ್ನು ಬೋರ್ಡ್ ಹೇಳುವುದಿಲ್ಲ. ಅನ್ನವನ್ನೂ ಸ್ಟಾಕ್‌ನಲ್ಲಿ ಬೇಯಿಸುವುದುಂಟು. ಬೇಯಿಸಿದ ಕಾಳಿಗೆ ಹಂದಿ ಕೊಬ್ಬು ಸೇರಿರಬಹುದು. ಸೀಸರ್ ಸಲಾಡ್‌ನ ಡ್ರೆಸ್ಸಿಂಗ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತದೆ.

ಹಾಗಾಗಿ "ಇದು ವೆಜಿಟೇರಿಯನ್ನಾ?" ಅಂತ ಕೇಳಿ ಸುಮ್ನಾಗಬೇಡಿ. ಬಡಿಸುವವರು ಪಾತ್ರೆ ನೋಡಿ, ಮಾಂಸ ಕಾಣದೆ, ಹೌದು ಅನ್ನುತ್ತಾರೆ. ಕೆಲವರ ಲೆಕ್ಕದಲ್ಲಿ ಮೀನು ಮಾಂಸವೇ ಅಲ್ಲ. ಬಹಳ ಕಡೆ ಮೊಟ್ಟೆ ಸಸ್ಯಾಹಾರದ ಒಳಗೇ ಬರುತ್ತದೆ. "ಇದನ್ನು ಯಾವುದರಲ್ಲಿ ಬೇಯಿಸಿದ್ದು? ಯಾವ ಎಣ್ಣೆ ಅಥವಾ ಕೊಬ್ಬು ಹಾಕಿದ್ದು? ಮೀನು, ಮೊಟ್ಟೆ ಇದೆಯಾ?" ಅಂತ ಹೆಸರು ಹಿಡಿದು ಕೇಳಿ. ಬಡಿಸುವವರಿಗೆ ಗೊತ್ತಿಲ್ಲದಿದ್ದರೆ ಅಡುಗೆಯವರನ್ನು ಕರೆಸಿ ಕೇಳಿ. ಜನದಟ್ಟಣೆ ಇಲ್ಲದ ಹೊತ್ತಿನಲ್ಲಿ ಹೋದರೆ ಅವರು ಒಳಗೆ ಹೋಗಿ ಡಬ್ಬಿ ನೋಡಿ ಬಂದು ಹೇಳುತ್ತಾರೆ. ಊಟಕ್ಕೆ ದುಡ್ಡು ಕಟ್ಟಿದ ಮೇಲೆ ಸ್ಟಾಕ್ ಯಾವುದು ಅಂತ ತಿಳಿಯುವುದು ವಿದ್ಯಾರ್ಥಿಯ ಹಕ್ಕು. ಇದನ್ನು ಬೋರ್ಡ್ ಮೇಲೇ ಬರೆಯಬೇಕು ಅಂತ ಒಟ್ಟಾಗಿ ಒತ್ತಾಯಿಸಿ.

ಇನ್ನು ಅಂಗಡಿ. ಒಂದು ಸ್ಟ್ರಾಬೆರಿ ಯೋಗರ್ಟ್ ಕಪ್ ಕೈಗೆ ತಗೊಳ್ಳಿ, ಕೊಬ್ಬು ಕಡಿಮೆ ಇರುವಂಥದ್ದು. ಹಿಂದೆ ತಿರುಗಿಸಿ. ಪದಾರ್ಥಗಳ ಪಟ್ಟಿ ತೂಕದ ಪ್ರಕಾರ ಇರುತ್ತದೆ, ಜಾಸ್ತಿ ಇರುವುದು ಮೊದಲು. ಹಾಲು, ಸಕ್ಕರೆ, ಹಣ್ಣು, ಆಮೇಲೆ ಕೊನೆಯ ಕಡೆಗೆ "ಜೆಲಾಟಿನ್" ಅಂತ ಇರಬಹುದು. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು. ಕೊಬ್ಬು ತೆಗೆದಾಗ ಮೊಸರು ತೆಳುವಾಗುತ್ತದೆ, ಅದನ್ನು ಗಟ್ಟಿ ಮಾಡಲು ಇದನ್ನು ಹಾಕುತ್ತಾರೆ. ಪಕ್ಕದಲ್ಲೇ "ಇ120" ಅಥವಾ "ಕಾರ್ಮೈನ್" ಕಂಡರೆ, ಆ ಕೆಂಪು ಬಣ್ಣ ಕೀಟದಿಂದ ತೆಗೆದದ್ದು.

ಇಲ್ಲೇ ಹಲವರು ಎಡವುವುದು. ಯುರೋಪ್ ಒಕ್ಕೂಟದಲ್ಲಿ, ಬ್ರಿಟನ್ನಿನಲ್ಲಿ ಪಟ್ಟಿಯ ಕೆಲವು ಪದಗಳು ಸಾಮಾನ್ಯವಾಗಿ ದಪ್ಪ ಅಕ್ಷರದಲ್ಲಿರುತ್ತವೆ. ಅವನ್ನಷ್ಟೇ ನೋಡಿ ಹಾಲು ಒಂದೇ ಇದೆ, ಸರಿ ಅಂದುಕೊಳ್ಳುತ್ತಾರೆ. ಆ ದಪ್ಪ ಅಕ್ಷರ ಅಲರ್ಜಿ ಇರುವವರಿಗಾಗಿ. ಹಾಲು, ಮೊಟ್ಟೆ, ಮೀನು ಅಲರ್ಜಿಯ ಪಟ್ಟಿಯಲ್ಲಿವೆ. ದನ, ಹಂದಿ, ಕೋಳಿ ಇಲ್ಲ. ಹಾಗಾಗಿ ಹಂದಿಯ ಜೆಲಾಟಿನ್ ಮಾಮೂಲಿ ಅಕ್ಷರದಲ್ಲೇ ಉಳಿಯುತ್ತದೆ. ಪಟ್ಟಿಯನ್ನು ಪೂರ್ತಿ ಓದಲೇಬೇಕು.

ಪಟ್ಟಿಯೂ ಹೇಳದ ವಿಷಯಗಳಿವೆ. ಚೀಸ್‌ನಲ್ಲಿ "ರೆನೆಟ್" ಅಥವಾ "ಎಂಜೈಮ್" ಅಂತ ಮಾತ್ರ ಇದ್ದರೆ, ಹಾಲು ಗಟ್ಟಿಯಾಗಲು ಹಾಕುವ ಆ ವಸ್ತು ಕರುವಿನ ಹೊಟ್ಟೆಯದ್ದೋ ಸೂಕ್ಷ್ಮಜೀವಿಗಳಿಂದ ತಯಾರಿಸಿದ್ದೋ ತಿಳಿಯುವುದಿಲ್ಲ. ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಕರುವಿನದ್ದೇ ಬೇಕು ಅಂತ ನಿಯಮ ಇದೆ. ಎಣ್ಣೆ, ನೀರು ಬೆರೆತಿರಲು ಹಾಕುವ "ಇ471" ಗಿಡದ ಎಣ್ಣೆಯಿಂದಲೂ ಬರುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ ಬರುತ್ತದೆ. ಇಂಥ ಕಡೆ "ವೆಜಿಟೇರಿಯನ್" ಅಥವಾ "ವೀಗನ್" ಗುರುತು ಇರುವ ಪೊಟ್ಟಣ ಹುಡುಕಿ. ಮೊಟ್ಟೆ ತಿನ್ನದವರಿಗೆ ವೀಗನ್ ಗುರುತೇ ಅನುಕೂಲ.

ಹಾಗಂತ ವೀಗನ್ ಬರ್ಗರ್, ವೀಗನ್ ಚೀಸ್ ಅಂತ ಬುಟ್ಟಿ ತುಂಬಿಸಬೇಡಿ. ತಿಂಗಳ ದುಡ್ಡು ಅಲ್ಲೇ ಕರಗುತ್ತದೆ. ಪದಾರ್ಥ ಒಂದೇ ಇರುವ ವಸ್ತುಗಳನ್ನು ಜಾಸ್ತಿ ಕೊಳ್ಳಿ: ಒಣ ಕಾಳು, ಅಕ್ಕಿ, ಫ್ರೋಜನ್ ತರಕಾರಿ. ಸಿಹಿ ಯೋಗರ್ಟ್‌ನ ಪುಟ್ಟ ಕಪ್‌ಗಳ ಬದಲು, ಪಟ್ಟಿಯಲ್ಲಿ ಹಾಲು ಮತ್ತು ಹೆಪ್ಪು ಮಾತ್ರ ಇರುವ ದೊಡ್ಡ ಡಬ್ಬಿ ತಗೊಳ್ಳಿ. ಓದುವ ಕೆಲಸ ಕಡಿಮೆ, ಖರ್ಚೂ ಸಾಮಾನ್ಯವಾಗಿ ಕಡಿಮೆ.

ಕಾಳಿನ ಲೆಕ್ಕ ನೋಡಿ. 400 ಗ್ರಾಂ ಡಬ್ಬಿಯಲ್ಲಿ ನೀರು ಬಸಿದರೆ ಸಿಗುವ ಕಾಳು ಸುಮಾರು 240 ಗ್ರಾಂ. ಅರ್ಧ ಕಿಲೋ ಒಣ ಕಾಳು ಬೆಂದರೆ ಒಂದು ಕಿಲೋಗಿಂತ ಜಾಸ್ತಿ ಆಗುತ್ತದೆ, ಅಂದರೆ ನಾಲ್ಕೈದು ಡಬ್ಬಿಗೆ ಸಮ. ರಜೆಯ ದಿನ ಒಟ್ಟಿಗೆ ಬೇಯಿಸಿ, ಒಂದೊಂದು ಊಟಕ್ಕಾಗುವಷ್ಟು ಬೇರೆ ಮಾಡಿ ಫ್ರೀಜರ್‌ನಲ್ಲಿಡಿ. ರಾಜ್ಮಾ ಆದರೆ ಒಂದು ಎಚ್ಚರಿಕೆ: ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಿ. ಸ್ಲೋ ಕುಕ್ಕರ್‌ಗೆ ನೇರ ಹಾಕಬೇಡಿ. ಅದರ ಶಾಖ ರಾಜ್ಮಾದಲ್ಲಿರುವ ವಿಷವನ್ನು ನಾಶ ಮಾಡಲು ಸಾಲದೆ ಹೋಗಬಹುದು, ವಾಂತಿ ಶುರುವಾಗುತ್ತದೆ.